ಪ್ಲಾನ್ ಓದಿ ಹೇಳಿ ಅಂದರೆ, ತಿದ್ದಲು ಹೋಗಬೇಡಿ

ಕೈಯಲ್ಲಿ ಬರೆದ ಮನೆ ಪ್ಲಾನಿನ ಫೋಟೊ ಕಳಿಸಿ, 'ಇದರಲ್ಲಿ ಏನೇನಿದೆ, ಸ್ವಲ್ಪ ಹೇಳಿ' ಎಂದು ಒಬ್ಬರು ಕೇಳುತ್ತಾರೆ. ಉತ್ತರವಾಗಿ ಬರುವುದು ಗೋಡೆ ಒಡೆಯುವ ಸಲಹೆ! ಇದನ್ನು ಎಷ್ಟೋ ಸಲ ನೋಡಿದ್ದೇನೆ. ಕೇಳಿದ್ದು ಅದಲ್ಲ ಅಲ್ವಾ?

ಮೊದಲು ಅಕ್ಷರ ನೆಟ್ಟಗೆ ಕಾಣುವಂತೆ ಫೋಟೊ ತಿರುಗಿಸಿ. ಮುಂಬಾಗಿಲು ಹುಡುಕಿ, ಅಲ್ಲಿಂದ ಒಳಗೆ ನಡೆದುಹೋಗುವ ಹಾಗೆ ಹೇಳುತ್ತಾ ಹೋಗಿ. ಕಾಲುವೃತ್ತದ ಗೆರೆ ಸಾಮಾನ್ಯವಾಗಿ ಬಾಗಿಲು. ಉತ್ತರದ ಬಾಣ ಇಲ್ಲದಿದ್ದರೆ ದಿಕ್ಕು ಹೇಳಬೇಡಿ, ಎಡ-ಬಲ ಸಾಕು.

ಜನ ಎಡವುವುದು ಅಳತೆಯಲ್ಲಿ. ಒಂದು ಪ್ಲಾನ್ ನೋಡೋಣ. ಹಿಂದಿನ ಸಾಲಿನಲ್ಲಿ ಬೆಡ್‌ರೂಮ್, ಅಡುಗೆಮನೆ, ಬಾತ್‌ರೂಮ್ ಅಕ್ಕಪಕ್ಕ ಇವೆ. ಬೆಡ್‌ರೂಮ್ ಅಗಲ 10'6", ಬಾತ್‌ರೂಮ್ 4'. ಅಡುಗೆಮನೆಯ ಉದ್ದ 9'11", ಆದರೆ ಅಗಲ ಬರೆದಿಲ್ಲ. ಹೊರಗಿನ ಒಟ್ಟು ಅಗಲ 24'9".

ಇಲ್ಲಿ ಹಲವರು 24'9" ರಲ್ಲಿ ಎರಡು ರೂಮುಗಳನ್ನು ಕಳೆದು, ಅಡುಗೆಮನೆ 10'3" ಅಗಲ ಎನ್ನುತ್ತಾರೆ. ಗೋಡೆ ಎಲ್ಲಿ ಹೋಯಿತು? ಹೊರಗಿನ ಎರಡು ಗೋಡೆ ತಲಾ 9 ಇಂಚು, ಒಳಗಿನ ಎರಡು ತಲಾ ನಾಲ್ಕೂವರೆ ಇಂಚು ಎಂದು ಮೂಲೆಯಲ್ಲಿ ಬರೆದಿದೆ. ಒಟ್ಟು 27 ಇಂಚು, ಅಂದರೆ 2'3". ಅದನ್ನೂ ಕಳೆದರೆ ಉಳಿಯುವುದು 8 ಅಡಿ. ಗೋಡೆ ದಪ್ಪ ಬರೆದಿಲ್ಲದಿದ್ದರೆ, ಎಷ್ಟು ಅಂದುಕೊಂಡಿದ್ದೀರಿ ಎಂಬುದನ್ನು ಉತ್ತರದಲ್ಲೇ ಹೇಳಿಬಿಡಿ.

ಈಗ ಗುಣಿಸುವುದು. 9'11" ಅಂದರೆ 9.11 ಅಲ್ಲ! ಇಂಚನ್ನು 12ರಿಂದ ಭಾಗಿಸಬೇಕು: ಸುಮಾರು 9.9 ಅಡಿ. ಅಗಲ 8 ಅಡಿಯಾದ್ದರಿಂದ ಅಡುಗೆಮನೆ ಸುಮಾರು 80 ಚದರ ಅಡಿ. 9.11 ಎಂದು ಕ್ಯಾಲ್ಕುಲೇಟರಿಗೆ ಒತ್ತಿದವರಿಗೆ 73 ಬರುತ್ತದೆ. ಗೋಡೆ ಮರೆತವರದು 100 ದಾಟುತ್ತದೆ.

ಫೋಟೊ ಮೇಲೆ ಸ್ಕೇಲ್ ಇಟ್ಟು ಅಳೆಯುವುದಂತೂ ಬೇಡವೇ ಬೇಡ. ಓರೆಯಾಗಿ ತೆಗೆದ ಫೋಟೊದಲ್ಲಿ ದೂರದ ಅಂಚು ಚಿಕ್ಕದಾಗಿ ಕಾಣುತ್ತದೆ. ಕೈ ಚಿತ್ರವೇ ಅಳತೆಗೆ ಸರಿಯಾಗಿ ಬರೆದದ್ದಾಗಿರುವುದು ಅಪರೂಪ. ಫೋಟೊದಿಂದಲೇ ವಿಸ್ತೀರ್ಣ ಹೇಳುತ್ತೇವೆ ಎನ್ನುವ ಆ್ಯಪ್‌ಗಳನ್ನೂ ನಾನು ನಂಬುವುದಿಲ್ಲ. ಒಮ್ಮೆ ಒಂದು ಆ್ಯಪ್ ಬಾತ್‌ರೂಮಿಗೆ ಎರಡು ದಶಾಂಶದವರೆಗೆ ಲೆಕ್ಕ ಕೊಟ್ಟಿತು. ಆಮೇಲೆ ನೋಡಿದರೆ ಅದು ಓದಿದ್ದು ಪಕ್ಕದ ಪ್ಯಾಸೇಜಿನ ಅಳತೆ! ಅಂಕಿ ಯಾವ ಗೆರೆಗೆ ಸೇರಿದ್ದು ಎಂದು ಬಾಣದ ಎರಡೂ ತುದಿ ಹಿಡಿದು ನೋಡಿ.

1ನ್ನು 7 ಎಂದು ಓದಿದ್ದೀರಾ ಎಂಬುದು ಅಳತೆ ಕೂಡಿ ನೋಡಿದರೆ ಗೊತ್ತಾಗುತ್ತದೆ: ಒಂದು ಸಾಲಿನ ರೂಮು, ಗೋಡೆ ಎಲ್ಲ ಕೂಡಿದರೆ ಹೊರಗಿನ ಅಳತೆ ಬರಬೇಕು. ಬರದಿದ್ದರೆ ಸುಮ್ನೆ ಹೊಂದಿಸಬೇಡಿ, 'ಇಲ್ಲಿ ಅರ್ಧ ಅಡಿ ತಾಳೆಯಾಗುತ್ತಿಲ್ಲ' ಎಂದು ಬರೆಯಿರಿ.

ಉತ್ತರ ಇಷ್ಟಿದ್ದರೆ ಸಾಕು: 'ಹಾಲಿನ ಹಿಂದೆ ಎಡಕ್ಕೆ ಬೆಡ್‌ರೂಮ್, ನಡುವೆ ಅಡುಗೆಮನೆ, ಸುಮಾರು 80 ಚದರ ಅಡಿ. ಇದರ ಅಗಲ ಬರೆದಿರಲಿಲ್ಲ, ಲೆಕ್ಕ ಹಾಕಿದ್ದು. ಬಲಕ್ಕೆ ಬಾತ್‌ರೂಮ್. ಮುಂದಿನ ಚಿಕ್ಕ ರೂಮಿಗೆ ಹೆಸರು ಬರೆದಿಲ್ಲ.' ಅದನ್ನು ಸ್ಟೋರ್ ರೂಮ್ ಮಾಡುವ ಆಸೆ ಬಂದರೂ ತಡೆದುಕೊಳ್ಳಿ.