ಮುಖ ಊದಿಸಿದ್ದು ಒಂದು ರೋಗ, ಕೊಂದದ್ದು ಇನ್ನೊಂದು

ಶಿರಸಿಯ ಸಂತೆಯಿಂದ ಆರು ಹೇಂಟೆ ತಂದು ನೇರವಾಗಿ ಹಳೆಯ ನಲವತ್ತರ ಜೊತೆ ಬಿಟ್ಟದ್ದು ನನ್ನ ತಪ್ಪು. ನಾಲ್ಕನೆಯ ದಿನ ಕೆಲವು ಕೋಳಿಗಳ ಕಣ್ಣಿನ ಸುತ್ತ ಊತ ಬಂತು, ಮೂಗಿನಿಂದ ನಾರುವ ಸಿಂಬಳ ಇಳಿಯಿತು. ಮಳೆಗಾಲದ ಶೀತವೆಂದು ಅರಿಶಿನ ನೀರು ಕುಡಿಸಿದೆ. ಅದರಿಂದ ಏನೂ ಆಗಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಗೂಡಿನಲ್ಲಿ ಮೂರು ದಷ್ಟಪುಷ್ಟ ಹೇಂಟೆಗಳು ಸತ್ತು ಬಿದ್ದಿದ್ದವು. ಹಿಂದಿನ ಸಂಜೆ ಅವು ಚೆನ್ನಾಗಿಯೇ ಮೇವು ತಿಂದಿದ್ದವು. ಮುಖ ಊದಿಸುವ ಕೊರೈಜಾ ಮೊಟ್ಟೆ ಕಡಿಮೆ ಮಾಡುತ್ತದೆ, ಆದರೆ ಹೀಗೆ ರಾತ್ರೋರಾತ್ರಿ ಕೊಲ್ಲುವುದು ಅಪರೂಪ. ಕೊಕ್ಕರೆ ರೋಗ, ಹಕ್ಕಿಜ್ವರವೂ ಇರಬಹುದೆಂದು ಮನೆಯಲ್ಲಿ ಕೊಯ್ದು ನೋಡದೆ, ಒಂದು ಹೆಣವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪಶು ಆಸ್ಪತ್ರೆಗೆ ಒಯ್ದೆ. ಯಕೃತ್ತಿನ ತುಂಬ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳಿದ್ದವು. ರಕ್ತದ ಲೇಪನದಲ್ಲಿ ಎರಡೂ ತುದಿ ಗಾಢವಾಗಿ ಬಣ್ಣ ಹಿಡಿದ ಬ್ಯಾಕ್ಟೀರಿಯಾ ಕಂಡವು. ಕೋಳಿ ಕಾಲರಾ! ಎರಡು ರೋಗ ಒಟ್ಟಿಗೇ ಬಂದಿದ್ದವು.

ವೈದ್ಯರು ಬರೆದ ಆಂಟಿಬಯೋಟಿಕ್ ಬೆರೆಸಿದ ನೀರನ್ನೇ ಐದು ದಿನವೂ ಕೊಟ್ಟೆ, ಬೇರೆ ನೀರಿನ ಪಾತ್ರೆಗಳನ್ನೆಲ್ಲ ತೆಗೆದೆ. ಎರಡನೆಯ ದಿನವೇ ಚೇತರಿಕೆ ಕಂಡಿತು, ಆದರೂ ಔಷಧ ನಿಲ್ಲಿಸಲಿಲ್ಲ. ನಡುವೆ ಬಿಟ್ಟರೆ ಸಾವು ಮರುಕಳಿಸುತ್ತದೆ. ಅವರು ಹೇಳಿದ ಅವಧಿ ಮುಗಿಯುವ ತನಕ ಮೊಟ್ಟೆ ತಿನ್ನಲಿಲ್ಲ, ಮಾರಲಿಲ್ಲ. ಹೆಣಗಳನ್ನು ಸುಣ್ಣ ಹಾಕಿ ಆಳವಾಗಿ ಹೂತೆ. ಕಾಲರಾ ಹರಡುವ ಇಲಿಗಳಿಗೆ ಬೋನು ಇಟ್ಟೆ.

ತೊಡಕು ಉಳಿದದ್ದು ಗುಣವಾದ ಕೋಳಿಗಳಲ್ಲೇ. ಅವು ನೋಡಲು ಆರೋಗ್ಯವಾಗಿದ್ದರೂ ರೋಗಾಣುವನ್ನು ಹೊತ್ತಿರುತ್ತವೆ. ಹಾಗಾಗಿ ಹೊಸ ಮರಿ ತರುವ ಮೊದಲು ಹಳೆಯ ಹಿಂಡನ್ನು ಪೂರ್ತಿ ಖಾಲಿ ಮಾಡಿ, ಗೂಡು ತೊಳೆದು ಒಣಗಲು ಬಿಟ್ಟೆ.