ಗೆಲ್ಲಲಾಗದ ಸಾಲಿಟೇರ್: ಬೀಗ ಎಲ್ಲಿ ಬೀಳುತ್ತದೆ?

ಸಾಲಿಟೇರ್‌ನಲ್ಲಿ ಆಟ ಸಿಕ್ಕಿಬಿದ್ದರೆ ನಾನು ತಕ್ಷಣ ಎಲೆ ಕಲಸುವುದಿಲ್ಲ. ಮುಚ್ಚಿದ ಎಲೆಗಳನ್ನು ಒಂದೊಂದೇ ತಿರುವಿ, ಯಾವ ಎಲೆ ಯಾವುದರ ಕೆಳಗೆ ಕೂತಿತ್ತು ಅಂತ ನೋಡುತ್ತೇನೆ. ಈ ಚಟ ಹತ್ತಿದ್ದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲ್ ಬಂದರಿನಲ್ಲಿ ಬೋಟಿನ ಲೆಕ್ಕ ಬರೆಯುವ ನನಗೆ ಆಗ ಕೆಲಸ ಕಡಿಮೆ. ಹೊರಗೆ ಮಳೆ, ಮನೆಯಲ್ಲಿ ಕರೆಂಟಿಲ್ಲ, ಕೈಯಲ್ಲಿ ಒಂದು ಕಟ್ಟು ಎಲೆ.

ನಾನು ಹೇಳುತ್ತಿರುವುದು ಕ್ಲಾಂಡೈಕ್ ಆಟದ ಬಗ್ಗೆ. ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಸಾಲಿಟೇರ್ ಅಂತ ಇರುತ್ತಿತ್ತಲ್ಲ, ಅದೇ. ಏಳು ಸಾಲು. ಮೊದಲನೇ ಸಾಲಿಗೆ ಒಂದು ಎಲೆ, ಎರಡನೆಯದಕ್ಕೆ ಎರಡು, ಹೀಗೆ ಏಳನೆಯದಕ್ಕೆ ಏಳು. ಒಟ್ಟು 28. ಪ್ರತಿ ಸಾಲಿನ ಮೇಲಿನ ಎಲೆ ಮಾತ್ರ ತೆರೆದಿರುತ್ತದೆ, ಉಳಿದ 21 ಮುಚ್ಚಿರುತ್ತವೆ. ಮಿಕ್ಕ 24 ಎಲೆ ಕೈಕಟ್ಟಿನಲ್ಲಿ. ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು ಇಳಿಕೆಯಲ್ಲಿ ಕೂರಬೇಕು. ಖಾಲಿ ಸಾಲಿಗೆ ರಾಜ ಮಾತ್ರ. ಮೇಲಿನ ನಾಲ್ಕು ಮನೆಗಳಲ್ಲಿ ಇಸ್ಪೀಟ್, ಕಳಾವರ್, ಆಟೀನ್, ಡೈಮಂಡ್ ಒಂದೊಂದು ಜಾತಿಯೂ ಎಕ್ಕದಿಂದ ರಾಜನವರೆಗೆ ಏರಬೇಕು.

ಇಲ್ಲಿ ಒಂದು ವಿಷಯ ಗಮನಿಸಿ. ರಾಜನನ್ನು ಬಿಟ್ಟರೆ, ಸಾಲಿನಲ್ಲಿರುವ ಯಾವುದೇ ಎಲೆಗೆ ಹೊರಡಲು ಮೂರೇ ದಾರಿ. ಆಟೀನ್ 6 ಅಂದುಕೊಳ್ಳಿ. ಅದು ಇಸ್ಪೀಟ್ 7ರ ಮೇಲೆ ಹೋಗಬಹುದು, ಕಳಾವರ್ 7ರ ಮೇಲೆ ಹೋಗಬಹುದು, ಇಲ್ಲವೇ ಆಟೀನಿನ ಎಕ್ಕದಿಂದ 5ರವರೆಗೆ ಎಲ್ಲ ಏರಿದ ಮೇಲೆ ತಾನೂ ಮೇಲಿನ ಮನೆಗೆ ಹೋಗಬಹುದು. ಈಗ ಆರನೇ ಸಾಲಿನಲ್ಲಿ ಆಟೀನ್ 6 ತೆರೆದು ಕೂತಿದೆ, ಅದರ ಕೆಳಗಿನ ಐದು ಎಲೆಗಳಲ್ಲಿ ಎರಡೂ ಕಪ್ಪು 7 ಇವೆ, ಜೊತೆಗೆ ಆಟೀನ್ 2 ಕೂಡ ಇದೆ ಅನ್ನಿ. ಮುಗಿಯಿತು. 6 ಏಳದೆ 7 ಸಿಗುವುದಿಲ್ಲ, 7 ಸಿಗದೆ 6 ಏಳುವುದಿಲ್ಲ. ಆಟೀನ್ ಎಕ್ಕದ ಮೇಲೆ ಏರುವುದೂ ಇಲ್ಲ. ಎಂಥ ಆಟಗಾರ ಬಂದು ಕೂತರೂ ಈ ಹಂಚಿಕೆ ಬಿಡಿಸಲಾಗದು. ಇದನ್ನು ನಾನು ಬೀಗ ಅಂತ ಕರೆಯುತ್ತೇನೆ.

ಒಂದೇ ಸಾಲಿನೊಳಗೆ ಹೀಗೆ ಬೀಗ ಬೀಳುವುದು ಅಪರೂಪ. ಅತಿ ಉದ್ದದ ಏಳನೇ ಸಾಲನ್ನೇ ತೆಗೆದುಕೊಂಡು ಲೆಕ್ಕ ಹಾಕಿದರೂ, ತೆರೆದ ಎಲೆಗೆ ಬೇಕಾದ ಎರಡೂ ಎಲೆ ಅದರ ಕೆಳಗೇ ಬೀಳುವ ಸಂಭವ 85ರಲ್ಲಿ ಒಂದು. ಅದರ ಮೇಲೆ ಅದೇ ಜಾತಿಯ ಸಣ್ಣ ಎಲೆಯೂ ಅಲ್ಲೇ ಇರಬೇಕು. ನಿಜವಾಗಿ ಕಾಡುವುದು ಎರಡು ಸಾಲಿನ ನಡುವಿನ ಬೀಗ. ದೇವಿಮನೆ ಘಾಟಿನ ತಿರುವಿನಲ್ಲಿ ಎರಡು ಲಾರಿ ಎದುರುಬದುರು ನಿಂತು, ಯಾರೂ ಹಿಂದೆ ಸರಿಯಲಾಗದ ಹಾಗೆ.

ಶಿರಸಿಯಿಂದ ಬಂದಿದ್ದ ತಂಗಿಯ ಮಗ ಮೊಬೈಲಿನಲ್ಲಿ ಆಡುತ್ತಾ ಇಂಥದ್ದರಲ್ಲೇ ಸಿಕ್ಕಿಕೊಂಡಿದ್ದ. ಒಂದೊಂದೇ ಎಲೆ ತಿರುವುವ ಆಟ, ಕೈಕಟ್ಟನ್ನು ಎಷ್ಟು ಸಲ ಬೇಕಾದರೂ ತಿರುವಬಹುದು. ಐದು ಸಾಲು ಪೂರ್ತಿ ತೆರೆದಿದ್ದಾನೆ. ಐದನೆಯದು ಮತ್ತು ಏಳನೆಯದು ಮಾತ್ರ ಮೊದಲಿದ್ದ ಹಾಗೇ ಇವೆ. ಐದನೆಯದರ ಮೇಲೆ ಕಳಾವರ್ ಗುಲಾಮ, ಏಳನೆಯದರ ಮೇಲೆ ಡೈಮಂಡ್ 9.

"ಮಾವ, ಇದ್ರಲ್ಲಿ ಎಂತದೋ ಮೋಸ ಇದ್ದು" ಅಂದ.

"ಮೋಸ ಇಲ್ಲೆ ಮಾರಾಯ, ಬೀಗ ಇದ್ದು. ಒಂದು ಪೆನ್ನು ತಗಂಬಾ."

ಮೊಬೈಲಿನಲ್ಲಿ ಮುಚ್ಚಿದ ಎಲೆ ತಿರುವಿ ನೋಡಲಾಗುವುದಿಲ್ಲ. ಆದರೆ ಕಾಣುವ ಎಲೆಗಳನ್ನೆಲ್ಲ ಬರೆದು ಕಳೆದರೆ ಕಾಣದವು ಯಾವುವು ಅಂತ ಗೊತ್ತಾಗುತ್ತದೆ. ಮುಚ್ಚಿ ಉಳಿದದ್ದು ಐದನೇ ಸಾಲಿನ ನಾಲ್ಕು, ಏಳನೇ ಸಾಲಿನ ಆರು, ಒಟ್ಟು ಹತ್ತು. ಪಟ್ಟಿ ಮಾಡಿ ನೋಡಿದರೆ ಆ ಹತ್ತರಲ್ಲಿ ಎರಡೂ ಕಪ್ಪು 10, ಎರಡೂ ಕೆಂಪು ರಾಣಿ, ಡೈಮಂಡ್ 3 ಇದ್ದವು. ಉಳಿದ ಐದು ಯಾವುದಾದರೂ ಆಗಲಿ, ಲೆಕ್ಕಕ್ಕೆ ಬೇಡ.

ಡೈಮಂಡ್ 9ಕ್ಕೆ ಕಪ್ಪು 10 ಬೇಕು, ಎರಡೂ ಮುಚ್ಚಿವೆ. ಮೇಲಿನ ಮನೆಗೆ ಹೋಗೋಣ ಅಂದರೆ 3 ಮುಚ್ಚಿದೆ. ಗುಲಾಮನಿಗೆ ಕೆಂಪು ರಾಣಿ ಬೇಕು, ಇಬ್ಬರೂ ಮುಚ್ಚಿದ್ದಾರೆ. ಅವನು ಮೇಲಿನ ಮನೆಗೆ ಹೋಗಬೇಕಾದರೆ ಕಳಾವರ್ 10 ಮೊದಲು ಹೋಗಬೇಕು, ಅದೂ ಮುಚ್ಚಿದ ಗುಂಪಿನಲ್ಲೇ ಇದೆ. ಯಾವ ಎಲೆ ಯಾವ ಸಾಲಿನ ಕೆಳಗಿದೆ ಅಂತ ತಿಳಿಯುವ ಅಗತ್ಯವೇ ಇಲ್ಲ. ಇಬ್ಬರಲ್ಲಿ ಒಬ್ಬನಾದರೂ ಮೊದಲು ಏಳಬೇಕು, ಏಳಲು ಬೇಕಾದದ್ದೆಲ್ಲ ಇವರಿಬ್ಬರ ಕೆಳಗೇ ಇದೆ. ಇನ್ನೊಂದು ಮಾತು. ಆ ಎರಡು ಸಾಲು ಮೊದಲಿನಿಂದ ಅಲುಗಾಡಿಯೇ ಇರಲಿಲ್ಲ, ಅಲ್ವಾ? ಅಂದರೆ ಈ ಬೀಗ ಹಂಚುವಾಗಲೇ ಬಿದ್ದಿತ್ತು. ಹುಡುಗ ಎಷ್ಟು ಸಲ ಹಿಂದೆ ಹೋಗಿ ಬೇರೆ ಥರ ಆಡಿದ್ದರೂ ಅಷ್ಟೇ.

ಇಂಥ ಹಂಚಿಕೆ ಎಷ್ಟು ಬರುತ್ತದೆ? ಬ್ಲೇಕ್ ಮತ್ತು ಜೆಂಟ್ ಎಂಬಿಬ್ಬರು 2019ರಲ್ಲಿ ಕಂಪ್ಯೂಟರಿನಿಂದ ದೊಡ್ಡ ಲೆಕ್ಕ ತೆಗೆದರು. ಮೂರು ಮೂರು ಎಲೆ ತಿರುವುವ ಆಟದಲ್ಲಿ ನೂರಕ್ಕೆ ಸುಮಾರು 82 ಹಂಚಿಕೆ ಗೆಲ್ಲಬಹುದಾದವು. ಒಂದೊಂದೇ ತಿರುವಿದರೆ ಸುಮಾರು 90. ಆದರೆ ಈ ಲೆಕ್ಕ ಎಲ್ಲ ಎಲೆ ಎಲ್ಲೆಲ್ಲಿವೆ ಅಂತ ಮೊದಲೇ ಗೊತ್ತಿದ್ದರೆ ಮಾತ್ರ. ಹಾಗೆ ಗೊತ್ತಿದ್ದೂ ಮನುಷ್ಯ ಅಷ್ಟು ಗೆಲ್ಲುವುದಿಲ್ಲ. 2004ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ, ಎಲ್ಲ ಎಲೆ ಕಾಣುವಂತೆ ಇಟ್ಟುಕೊಂಡು ಆಡಿದ ಪಳಗಿದ ಆಟಗಾರನೊಬ್ಬ ಗೆದ್ದದ್ದು ನೂರಕ್ಕೆ ಸುಮಾರು 37. ಅಂದರೆ ನಾವು ಸೋಲುವ ಆಟಗಳಲ್ಲಿ ಜಾಸ್ತಿ ಪಾಲು ಸತ್ತ ಹಂಚಿಕೆಗಳದ್ದಲ್ಲ. ನಡುವೆ ನಾವೇ ಹಾಕಿಕೊಂಡ ಬೀಗದವು.

ಹಾಗಾಗಿ ಆಡುವಾಗ ನಾನು ಬೀಗವನ್ನೇ ಹುಡುಕುತ್ತಾ ಹೋಗುತ್ತೇನೆ. ಒಂದೊಂದು ಎಲೆಯ ಆಟದಲ್ಲಿ ಮೊದಲು ಕೈಕಟ್ಟನ್ನು ಒಂದು ಸುತ್ತು ಸುಮ್ನೆ ತಿರುವಿ ನೋಡುತ್ತೇನೆ, ಏನನ್ನೂ ಆಡುವುದಿಲ್ಲ. 24 ಅದರಲ್ಲಿ, 7 ತೆರೆದವು, ಒಟ್ಟು 31 ಎಲೆ ಕಂಡಂತಾಯಿತು. ಕಾಣದ 21 ಯಾವುವು ಅಂತ ಪೂರ್ತಿ ನೆನಪಿಡುವುದು ಕಷ್ಟ, ಬೇಕಾಗಿಯೂ ಇಲ್ಲ. ತೆರೆದ ಏಳು ಎಲೆಗಳಿಗೆ ಬೇಕಾದ ಜೋಡಿ ಕಂಡಿತೇ ಅಂತ ಮಾತ್ರ ನೋಡುತ್ತೇನೆ. ಐದು, ಆರು, ಏಳನೇ ಸಾಲಿನ ಮೇಲಿನ ಎಲೆಗೆ ಎರಡೂ ಜೋಡಿ ಕಾಣದಿದ್ದರೆ ಅದು ಅಪಾಯದ ಸಾಲು. ಆಗ ಉಳಿದ ಸಾಲುಗಳನ್ನು ಬೇಗ ತೆರೆದು ಆ ಜೋಡಿಯನ್ನು ಹುಡುಕಬೇಕು.

ಇದರಿಂದ ಆಯ್ಕೆ ಮಾಡುವುದು ಸುಲಭವಾಗುತ್ತದೆ. ಮೂರನೇ ಸಾಲಿನಲ್ಲಿ ಆಟೀನ್ 8, ಏಳನೆಯದರಲ್ಲಿ ಡೈಮಂಡ್ 8 ತೆರೆದಿವೆ. ಇಸ್ಪೀಟ್ 9 ಸಿಕ್ಕಿದೆ. ಯಾವುದನ್ನು ಅದರ ಮೇಲೆ ಇಡುವುದು? ಕಳಾವರ್ 9 ಕೈಕಟ್ಟಿನಲ್ಲಿ ಕಂಡಿದ್ದರೆ ಇನ್ನೊಂದು 8ಕ್ಕೂ ಮುಂದೆ ಜಾಗ ಸಿಗುತ್ತದೆ, ಅವಸರವಿಲ್ಲ. ಕಾಣದಿದ್ದರೆ ಈ ಒಂದು ಜಾಗವೇ ಗತಿ. ಆಗ ಕಣ್ಣುಮುಚ್ಚಿ ಏಳನೇ ಸಾಲಿನ 8 ಎತ್ತುತ್ತೇನೆ. ಅದರ ಕೆಳಗೆ ಆರು ಎಲೆ ಇವೆ, ಮೂರನೆಯದರಲ್ಲಿ ಎರಡೇ. ಕಾಣದ 9 ಆ ಆರರಲ್ಲಿರುವ ಸಂಭವವೂ ಜಾಸ್ತಿ. ಮೂರನೇ ಸಾಲು ಖಾಲಿಯಾದರೆ ಒಳ್ಳೆಯದಲ್ವಾ ಅಂತ ಕೇಳುವವರಿದ್ದಾರೆ. ಕೂರಿಸಲು ರಾಜ ಇಲ್ಲದಿದ್ದರೆ ಖಾಲಿ ಸಾಲಿನಿಂದ ಕವಡೆ ಲಾಭವಿಲ್ಲ.

ನಾವೇ ಬೀಗ ಹಾಕಿಕೊಳ್ಳುವುದು ಹೆಚ್ಚಾಗಿ ಮೇಲಿನ ಮನೆಗೆ ಎಲೆ ಕಳಿಸುವ ಆತುರದಲ್ಲಿ. ಎಕ್ಕ ಮತ್ತು 2 ಸಿಕ್ಕ ಕೂಡಲೇ ಹೋಗಲಿ, ತೊಂದರೆಯಿಲ್ಲ. ಆದರೆ ಆಟೀನ್ 6 ಕಳಿಸುವ ಮುಂಚೆ ಕಪ್ಪು 5 ಎರಡೂ ಮೇಲೆ ಹೋಗಿವೆಯಾ ಅಂತ ನೋಡಿ. ಹೋಗಿದ್ದರೆ ಆ 6ರ ಮೇಲೆ ಕೂರಬೇಕಾದವರು ಯಾರೂ ಉಳಿದಿಲ್ಲ, ಧೈರ್ಯವಾಗಿ ಕಳಿಸಿ. ಹೋಗಿಲ್ಲ ಅಂದರೆ, ಯಾವುದೋ ಉದ್ದ ಸಾಲಿನ ಮೇಲೆ ಕೂತಿರುವ ಇಸ್ಪೀಟ್ 5ರ ಮೂರು ದಾರಿಗಳಲ್ಲಿ ಒಂದನ್ನು ನೀವೇ ಮುಚ್ಚಿದ ಹಾಗೆ. ಈ ನಿಯಮವನ್ನು ನಾನು ಮುರಿಯುವುದು ಒಂದೇ ಸಂದರ್ಭದಲ್ಲಿ. 6 ಹೋದರೆ ಅದರ ಕೆಳಗಿನ ಮುಚ್ಚಿದ ಎಲೆ ತಕ್ಷಣ ತೆರೆಯುತ್ತದೆ ಅಂದರೆ ಕಳಿಸುತ್ತೇನೆ. ಕೆಲವು ಆಟಗಳಲ್ಲಿ ಮೇಲಿನ ಮನೆಯಿಂದ ಎಲೆ ಕೆಳಗೆ ಇಳಿಸಲು ಬಿಡುತ್ತಾರೆ. ಅಲ್ಲಿ ಇಷ್ಟು ಬಿಗಿ ಬೇಡ.

ಮೂರು ಮೂರು ತಿರುವುವ ಆಟದಲ್ಲಿ ಸಾಲಿನ ಬೀಗದ ಜೊತೆ ಕೈಕಟ್ಟಿನ ತಂಟೆಯೂ ಸೇರುತ್ತದೆ. 24 ಎಲೆಗಳಲ್ಲಿ ಕೈಗೆ ಸಿಗುವುದು 3, 6, 9 ಹೀಗೆ 24ರವರೆಗೆ ಎಂಟೇ ಎಲೆ. ಒಂದನ್ನೂ ತೆಗೆಯದಿದ್ದರೆ ಮುಂದಿನ ಸುತ್ತಿನಲ್ಲೂ ಅವೇ ಎಂಟು. 6ನೆಯದನ್ನು ತೆಗೆದರೆ ಕೂಡಲೇ 5ನೆಯದು ಸಿಗುತ್ತದೆ. ಮುಂದಿನ ಸುತ್ತಿನಲ್ಲಿ 3ರ ನಂತರ 7, 10, 13 ಹೀಗೆ ಹೊಸ ಎಲೆಗಳು ಮೇಲೆ ಬರುತ್ತವೆ. ಅದೇ 24ನೆಯದನ್ನು ತೆಗೆದರೆ 3ರಿಂದ 21ರವರೆಗೆ ಏನೂ ಬದಲಾಗುವುದಿಲ್ಲ, ಕೊನೆಗೆ 23 ಒಂದು ಹೊಸದಾಗಿ ಸಿಗುತ್ತದೆ ಅಷ್ಟೇ. ಹಾಗಾಗಿ ಸಿಕ್ಕಿಬಿದ್ದಾಗ ಕಟ್ಟಿನ ಮೊದಲ ಭಾಗದಿಂದ ಒಂದು ಎಲೆ ಆಡಲು ದಾರಿ ಹುಡುಕಿ. ಆ ಎಲೆಯಿಂದ ಸಾಲಿನಲ್ಲಿ ಏನೂ ಲಾಭವಿಲ್ಲದಿದ್ದರೂ ನಾನು ಆಡುತ್ತೇನೆ. ಕಟ್ಟಿನ ಕೊನೆಯ ಎಲೆಗೆ ಮಾತ್ರ ಹಾಗೆ ಆಸೆಪಡುವುದಿಲ್ಲ.

ಇಷ್ಟಾದರೂ ಆಟ ನಿಂತರೆ ಅದೇ ಪೆನ್ನಿನ ಲೆಕ್ಕ. ಮುಚ್ಚಿದ ಎಲೆ ಎಷ್ಟು ಸಾಲಿನಲ್ಲಿ ಉಳಿದಿವೆ, ಆ ಸಾಲುಗಳಲ್ಲಿ ಮುಚ್ಚಿದ ಎಲೆಗೆ ತಾಗಿ ಕೂತ ತೆರೆದ ಎಲೆಗೆ ಬೇಕಾದ್ದು ಹೊರಗೆ ಎಲ್ಲಾದರೂ ಇದೆಯಾ? ಒಂದಾದರೂ ಹೊರಗಿದ್ದರೆ ಇನ್ನೂ ಹುಡುಕುತ್ತೇನೆ, ಬೇಕಾದರೆ ನಾಲ್ಕು ಹೆಜ್ಜೆ ಹಿಂದೆ ಹೋಗಿ. ಎಲ್ಲವೂ ಮುಚ್ಚಿದವುಗಳಲ್ಲೇ ಇದ್ದರೆ ಇನ್ನೊಂದು ಸುತ್ತು ತಿರುವುವುದು ದಂಡ. ಎಲೆ ಒಟ್ಟುಮಾಡಿ ಕಲಸುತ್ತೇನೆ.