ಬಾಡಿಗೆ ಮನೆ: ಮೊದಲ ಭೇಟಿಯಲ್ಲಿ ದುಡ್ಡಿನ ಮಾತು ಎತ್ತುವುದು ಹೇಗೆ?

ಮನೆ ನೋಡಲು ಹೋದವರು ಬಾಗಿಲಲ್ಲೇ "ಬಾಡಿಗೆ ಕಡಿಮೆ ಮಾಡುತ್ತೀರಾ?" ಎಂದು ಕೇಳಬೇಡಿ. ನಮಸ್ಕಾರ ಹೇಳಿ, ನಿಮ್ಮ ಕೆಲಸವೇನು, ಎಷ್ಟು ಜನ ಇರುತ್ತೀರಿ, ಯಾವಾಗಿನಿಂದ ಮನೆ ಬೇಕು ಎಂಬುದನ್ನು ನೀವಾಗಿಯೇ ತಿಳಿಸಿ. ಮಾಲೀಕರು ಕೇಳಲು ಸಂಕೋಚಪಡುವುದು ಇವುಗಳನ್ನೇ. ನೀವು ಮೊದಲು ಮನಸ್ಸು ಬಿಚ್ಚಿದರೆ ಅವರ ಬಿಗುವೂ ಸಡಿಲವಾಗುತ್ತದೆ.

ಬಾಡಿಗೆಗಿಂತ ಹೆಚ್ಚು ಮನಸ್ತಾಪ ಹುಟ್ಟುವುದು ಮುಂಗಡ ಹಣ ಹಿಂತಿರುಗಿಸುವಾಗ ಎಂಬುದು ನನ್ನ ಅನುಭವ. ಆದ್ದರಿಂದ ಮನೆಯನ್ನೆಲ್ಲ ನೋಡಿದ ಮೇಲೆ ಹೀಗೆ ಕೇಳಿ: "ಮನೆ ಬಿಡುವಾಗ ಮುಂಗಡದಲ್ಲಿ ಯಾವ್ಯಾವ ಖರ್ಚು ಮುರಿದುಕೊಳ್ಳುತ್ತೀರಿ?" ಇದು ಚೌಕಾಸಿಯಲ್ಲ, ಮಾಹಿತಿ ಕೇಳಿದಂತೆ. "ಆಮೇಲೆ ನೋಡೋಣ" ಎಂಬ ಉತ್ತರ ಬಂದರೆ ವಾದಕ್ಕಿಳಿಯದೆ, "ಕರಾರು ಪತ್ರದಲ್ಲಿ ಒಂದು ಸಾಲು ಬರೆಸೋಣ, ಇಬ್ಬರಿಗೂ ನೆನಪಿರುತ್ತದೆ" ಎನ್ನಿ. ಅದಕ್ಕೂ ಒಪ್ಪದಿದ್ದರೆ ಹಣ ಕೊಡುವ ಮೊದಲು ಇನ್ನೊಮ್ಮೆ ಯೋಚಿಸಿ.

ಗೋಡೆಯಲ್ಲಿ ತೇವದ ಕಲೆ ಕಂಡಿತೆನ್ನಿ. "ಇದೇನು ಹೀಗಿದೆ?" ಎಂದರೆ ದೂರಿದಂತಾಗುತ್ತದೆ. "ಈ ಕಲೆ ಮೊದಲಿನಿಂದಲೂ ಇದೆಯಲ್ಲವೇ? ಒಂದು ಫೋಟೊ ತೆಗೆದು ನಿಮಗೂ ಕಳುಹಿಸುತ್ತೇನೆ" ಎನ್ನಿ. ದಿನಾಂಕದೊಂದಿಗೆ ದಾಖಲೆ ಇಬ್ಬರ ಬಳಿಯೂ ಉಳಿಯುತ್ತದೆ.

ಮಾಲೀಕರಿಗೂ ಒಂದು ಮಾತು. ನಿಯಮ ಹೇಳುವಾಗ ಕಾರಣವನ್ನೂ ಹೇಳಿ. "ರಾತ್ರಿ ಹತ್ತರ ಮೇಲೆ ಗದ್ದಲ ಕೂಡದು" ಎನ್ನುವುದಕ್ಕಿಂತ "ಕೆಳಗಿನ ಮನೆಯಲ್ಲಿ ವಯಸ್ಸಾದವರಿದ್ದಾರೆ, ಹತ್ತಕ್ಕೆ ಮಲಗುತ್ತಾರೆ" ಎಂದರೆ ಬಂದವರು ತಾವಾಗಿಯೇ ದನಿ ತಗ್ಗಿಸುತ್ತಾರೆ.